ಇಪ್ಪತ್ತು ಸಾವಿರ ದೊಡ್ಡದೋ, ಎಂಟು ದೊಡ್ಡದೋ?

ಹೋದ ಡಿಸೆಂಬರಿನಲ್ಲಿ ನಮ್ಮ ಒಂಬತ್ತನೆಯ ತರಗತಿಯಲ್ಲಿ ಒಂದು ಜಗಳ ಆಯಿತು. ಪುಣೆಯಲ್ಲಿ ಕೆಲಸಕ್ಕಿರುವ ಅಣ್ಣ ತಂದುಕೊಟ್ಟ ಪವರ್ ಬ್ಯಾಂಕನ್ನು ಒಬ್ಬ ಹುಡುಗ ಶಾಲೆಗೆ ತಂದಿದ್ದ. ನಮ್ಮದು ಜತ್ತ ತಾಲೂಕು. ಅದು ದ್ರಾಕ್ಷಿಗೆ ಔಷಧ ಹೊಡೆಯುವ ಕಾಲ. ಒಬ್ಬ ಹುಡುಗಿಯ ಮನೆಯಲ್ಲಿ ಬೆನ್ನಿಗೆ ಹಾಕಿಕೊಳ್ಳುವ ಬ್ಯಾಟರಿ ಪಂಪ್ ಇದೆ. ಮಾತಿಗೆ ಮಾತು ಬೆಳೆದು ಇಬ್ಬರೂ ನನ್ನ ಮೇಜಿನ ಹತ್ತಿರ ಬಂದರು.

"ಸರ್, ನಮ್ಮ ಪವರ್ ಬ್ಯಾಂಕಿನಾಗ ಇಪ್ಪತ್ತು ಸಾವಿರ ಐತ್ರಿ. ಅವರ ಮನಿ ಪಂಪಿನ ಬ್ಯಾಟರಿ ಮ್ಯಾಲೆ ಬರೇ ಎಂಟು ಅಂತ ಬರದೈತ್ರಿ. ನಮ್ದ ದೊಡ್ಡದು ಹೌದಲ್ರಿ?"

"ನಮ್ ಬ್ಯಾಟರಿ ಎತ್ತಿ ನೋಡ್ರಿ ಸರ್, ಎರಡೂವರಿ ಕಿಲೋ ಐತಿ. ಅವರದು ಕಿಸೆದಾಗ ಹಿಡಿತೈತಿ. ಹೆಂಗ ದೊಡ್ಡದಾಗತೈತ್ರಿ ಅದು?"

ಮಕ್ಕಳೇ, ಇಬ್ಬರ ವಾದವೂ ತಪ್ಪು. ಒಬ್ಬ ಬರೀ ಅಂಕಿ ನೋಡಿದ, ಇನ್ನೊಬ್ಬಳು ಬರೀ ತೂಕ ನೋಡಿದಳು. ಆದರೆ ನನ್ನ ತಕರಾರು ಅವರ ಮೇಲಲ್ಲ. ಪೆಟ್ಟಿಗೆಯ ಮೇಲೆ ಯಾವ ಅಂಕಿಯನ್ನು ದೊಡ್ಡದಾಗಿ ಅಚ್ಚು ಹಾಕಬೇಕು ಎಂದು ತೀರ್ಮಾನ ಮಾಡಿದವರ ಮೇಲೆ. ಮಿಲಿಆಂಪಿಯರ್ ಗಂಟೆ ಎಂಬ ಆ ದೊಡ್ಡ ಅಂಕಿ ಸುಳ್ಳಲ್ಲ, ಅರ್ಧ ಮಾತು. ಇನ್ನರ್ಧ ಅದೇ ಲೇಬಲ್ಲಿನ ಮೂಲೆಯಲ್ಲಿ ಇರುವೆಯಂಥ ಅಕ್ಷರದಲ್ಲಿ ಇರುತ್ತದೆ. ಅದನ್ನು ಓದುವುದು ಹೇಗೆ ಎಂದು ಈ ಬರಹದಲ್ಲಿ ಹೇಳುತ್ತೇನೆ.

ಮೊದಲು ಸಣ್ಣ ಗೊಂದಲ ಬಿಡಿಸೋಣ. ಪವರ್ ಬ್ಯಾಂಕಿನ ಮೇಲೆ ಇದ್ದದ್ದು 20000 ಮಿಲಿಆಂಪಿಯರ್ ಗಂಟೆ. ಪಂಪಿನ ಬ್ಯಾಟರಿಯ ಮೇಲೆ ಇದ್ದದ್ದು 8 ಆಂಪಿಯರ್ ಗಂಟೆ. ಸಾವಿರ ಮಿಲಿಆಂಪಿಯರ್ ಸೇರಿದರೆ ಒಂದು ಆಂಪಿಯರ್. ಹಾಗಾಗಿ 8 ಅಂದರೆ 8000, ಇಲ್ಲವೇ 20000 ಅಂದರೆ 20. ಒಬ್ಬ ಪೈಸೆಯಲ್ಲಿ ಎಣಿಸಿದ, ಇನ್ನೊಬ್ಬ ರೂಪಾಯಿಯಲ್ಲಿ ಎಣಿಸಿದ ಹಾಗೆ. ಒಂದೇ ಮಾನಕ್ಕೆ ತಂದ ಮೇಲೂ ಹುಡುಗನ ಕಡೆ 20, ಹುಡುಗಿಯ ಕಡೆ 8. ಅವನು ಗೆದ್ದೆ ಅಂತ ಕುಣಿದ. "ತಡಿಯಪ್ಪಾ" ಅಂದೆ.

ಆಂಪಿಯರ್ ಗಂಟೆ ಎಂದರೆ ಏನು? ಒಂದು ಆಂಪಿಯರ್ ಪ್ರವಾಹ ಒಂದು ಗಂಟೆ ಹರಿದರೆ ದಾಟಿ ಹೋಗುವ ವಿದ್ಯುದಾವೇಶ. ಗಂಟೆಗೆ 3600 ಸೆಕೆಂಡು, ಆದ್ದರಿಂದ ಅದು 3600 ಕೂಲಂಬ್. ಅಂದರೆ ಈ ಅಂಕಿ ಎಷ್ಟು ಆವೇಶ ಇದೆ ಎಂದಷ್ಟೇ ಹೇಳುತ್ತದೆ. ಆ ಆವೇಶ ಎಷ್ಟು ಕೆಲಸ ಮಾಡಬಲ್ಲದು ಎಂದು ಹೇಳುವುದಿಲ್ಲ. ಅದಕ್ಕೆ ವೋಲ್ಟ್ ಬೇಕು. ನಮ್ಮ ವಿದ್ಯುತ್ ಪಾಠದಲ್ಲಿ W = V × Q ಎಂದು ಬಾಯಿಪಾಠ ಮಾಡಿದ್ದೀರಲ್ಲ, ಅದು ಇಲ್ಲಿ ಕೆಲಸಕ್ಕೆ ಬರುತ್ತದೆ.

ನೀರಿನ ಟಾಕಿಯ ಲೆಕ್ಕದಲ್ಲಿ ಹೇಳುತ್ತೇನೆ. ಟ್ಯಾಂಕರಿನ ದಾರಿ ಕಾಯುವ ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಟಾಕಿಯಲ್ಲಿ 20000 ಲೀಟರ್ ನೀರಿದೆ, ಆದರೆ ಅದು ನೆಲದಿಂದ 3.7 ಮೀಟರ್ ಎತ್ತರದಲ್ಲಿದೆ. ಇನ್ನೊಂದರಲ್ಲಿ 8000 ಲೀಟರ್ ಮಾತ್ರ, ಆದರೆ ಅದು 12 ಮೀಟರ್ ಎತ್ತರದಲ್ಲಿದೆ. ಎರಡನ್ನೂ ಕೆಳಗೆ ಬಿಟ್ಟು ಒಂದು ಚಕ್ರ ತಿರುಗಿಸಿದರೆ ಯಾವ ನೀರು ಹೆಚ್ಚು ಕೆಲಸ ಮಾಡುತ್ತದೆ? ನೀರಿನ ಪ್ರಮಾಣವನ್ನು ಎತ್ತರದಿಂದ ಗುಣಿಸಬೇಕು. ಮೊದಲನೆಯದು 74000, ಎರಡನೆಯದು 96000. ಕಡಿಮೆ ನೀರಿನ ಟಾಕಿಯೇ ಹೆಚ್ಚು ಕೆಲಸ ಮಾಡಿತು. ಆಂಪಿಯರ್ ಗಂಟೆ ನೀರಿನ ಪ್ರಮಾಣದ ಹಾಗೆ, ವೋಲ್ಟ್ ಎತ್ತರದ ಹಾಗೆ.

ಈ ಅಂಕಿಗಳನ್ನು ನಾನು ಸುಮ್ಮನೆ ಆರಿಸಿಲ್ಲ. ಪವರ್ ಬ್ಯಾಂಕಿನ ಹಿಂದೆ ಸಣ್ಣ ಅಕ್ಷರದಲ್ಲಿ 3.7 ವೋಲ್ಟ್ ಎಂದಿತ್ತು. ಲಿಥಿಯಂ ಅಯಾನ್ ಕೋಶ ತುಂಬಿದಾಗ 4.2 ವೋಲ್ಟಿನ ಹತ್ತಿರ ಇರುತ್ತದೆ, ಖಾಲಿಯಾಗುತ್ತ 3ರ ಹತ್ತಿರ ಬರುತ್ತದೆ. ನಡುವಿನ ಸರಾಸರಿ 3.7. ಪಂಪಿನ ಸೀಸದ ಬ್ಯಾಟರಿಯ ಮೇಲೆ 12 ವೋಲ್ಟ್ ಎಂದಿತ್ತು. ಈಗ ಲೆಕ್ಕದ ಸಾಲು ಒಂದೇ:

Wh = V × mAh ÷ 1000

ಪವರ್ ಬ್ಯಾಂಕ್: 3.7 × 20000 ÷ 1000 = 74 ವ್ಯಾಟ್ ಗಂಟೆ.

ಪಂಪಿನ ಬ್ಯಾಟರಿ: 12 × 8000 ÷ 1000 = 96 ವ್ಯಾಟ್ ಗಂಟೆ.

ವ್ಯಾಟ್ ಗಂಟೆ ಎಂಬುದು ಶಕ್ತಿಯ ಮಾನ. ಒಂದು ವ್ಯಾಟಿನ ದೀಪ ಒಂದು ಗಂಟೆ ಉರಿದರೆ ಒಂದು ವ್ಯಾಟ್ ಗಂಟೆ, ಅಂದರೆ 3600 ಜೂಲ್. ಮನೆಯ ಕರೆಂಟ್ ಬಿಲ್ಲಿನ ಒಂದು ಯೂನಿಟ್ ಎಂದರೆ ಇಂಥ 1000 ವ್ಯಾಟ್ ಗಂಟೆ. ಬಿಲ್ ಕೊಡುವವರು ಯಾವತ್ತೂ ನಮಗೆ ಆಂಪಿಯರ್ ಗಂಟೆಯಲ್ಲಿ ಲೆಕ್ಕ ಹೇಳುವುದಿಲ್ಲ. ಬ್ಯಾಟರಿ ಮಾರುವವರು ಮಾತ್ರ ಹೇಳುತ್ತಾರೆ.

ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: "ಹಂಗಾದ್ರ ಇಪ್ಪತ್ತು ಸಾವಿರ ಅನ್ನೋದು ಸುಳ್ಳೇನ್ರಿ ಸರ್?" ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ಪೆಟ್ಟಿಗೆಯ ಒಳಗೆ ಕೋಶಗಳನ್ನು ಹೇಗೆ ಜೋಡಿಸಿದ್ದಾರೆ ಎಂದು ತಿಳಿಯಬೇಕು.

ಆ ಪವರ್ ಬ್ಯಾಂಕಿನೊಳಗೆ 5000 ಮಿಲಿಆಂಪಿಯರ್ ಗಂಟೆಯ ನಾಲ್ಕು ಕೋಶ ಇವೆ ಎಂದುಕೊಳ್ಳಿ. ಅವನ್ನು ಸಮಾಂತರವಾಗಿ ಜೋಡಿಸಿದರೆ ವೋಲ್ಟ್ 3.7 ಆಗಿಯೇ ಉಳಿಯುತ್ತದೆ, ಆಂಪಿಯರ್ ಗಂಟೆ ಕೂಡಿಕೊಂಡು 20000 ಆಗುತ್ತದೆ. ಅವೇ ನಾಲ್ಕನ್ನು ಸರಣಿಯಲ್ಲಿ ಜೋಡಿಸಿದರೆ ವೋಲ್ಟ್ ಕೂಡಿಕೊಂಡು 14.8 ಆಗುತ್ತದೆ, ಆಂಪಿಯರ್ ಗಂಟೆ 5000 ಆಗಿಯೇ ಉಳಿಯುತ್ತದೆ. ಕೋಶ ಅವೇ, ತೂಕ ಅದೇ, ಖರ್ಚು ಅದೇ. ಲೇಬಲ್ ಮಾತ್ರ ಒಮ್ಮೆ 20000, ಒಮ್ಮೆ 5000. ವ್ಯಾಟ್ ಗಂಟೆ ಎರಡು ಸಲವೂ 74.

ಈಗ ಹುಡುಗಿಯ ಬ್ಯಾಟರಿ ನೋಡಿ. ಸೀಸದ ಒಂದು ಕೋಶ 2 ವೋಲ್ಟಿನದು. 12 ವೋಲ್ಟ್ ಬರಲು ಒಳಗೆ ಆರು ಕೋಶಗಳನ್ನು ಸರಣಿಯಲ್ಲಿ ಇಟ್ಟಿರುತ್ತಾರೆ. ಪವರ್ ಬ್ಯಾಂಕಿನವರು ಎಣಿಸುವ ರೀತಿಯಲ್ಲೇ ಈ ಆರನ್ನೂ ಸಮಾಂತರವಾಗಿ ಎಣಿಸಿದ್ದರೆ ಅದರ ಮೇಲೆ 48000 ಎಂದು ಬರೆಯಬಹುದಿತ್ತು! ಆರು ಎಂಟಲೆ ನಲವತ್ತೆಂಟು, 2 ವೋಲ್ಟಿನಲ್ಲಿ. ಗುಣಿಸಿ ನೋಡಿ, ಮತ್ತೆ ಅದೇ 96 ವ್ಯಾಟ್ ಗಂಟೆ.

ನನ್ನ ಅಭಿಪ್ರಾಯಕ್ಕೆ ಇದೇ ಆಧಾರ. ವಸ್ತು ಬದಲಾಗದೆ, ತಂತಿ ಜೋಡಿಸುವ ರೀತಿ ಬದಲಾದ ಕೂಡಲೇ ಎಂಟು ನಲವತ್ತೆಂಟಾಗುವ ಅಂಕಿಯಿಂದ ಬೇರೆ ಬೇರೆ ಬ್ಯಾಟರಿಗಳನ್ನು ಹೋಲಿಸುವುದು ನ್ಯಾಯವಲ್ಲ. ಜೋಡಣೆ ಬದಲಾದರೂ ಕದಲದ ಅಂಕಿ ವ್ಯಾಟ್ ಗಂಟೆ. ಪೆಟ್ಟಿಗೆಯ ಮುಂದೆ ದೊಡ್ಡದಾಗಿ ಇರಬೇಕಾದ್ದು ಅದು.

ಒಂದು ಮಾತು ಒಪ್ಪುತ್ತೇನೆ. ಎರಡೂ ಒಂದೇ ವೋಲ್ಟಿನವಾಗಿದ್ದರೆ ಮಿಲಿಆಂಪಿಯರ್ ಗಂಟೆಯಿಂದ ಹೋಲಿಸಿದರೂ ನಡೆಯುತ್ತದೆ. ಒಂದು ಮೊಬೈಲಿನ ಬ್ಯಾಟರಿ 4000, ಇನ್ನೊಂದರದು 5000 ಎಂದರೆ ಎರಡನೆಯದು ದೊಡ್ಡದೇ, ಏಕೆಂದರೆ ಎರಡರ ವೋಲ್ಟೂ ಹೆಚ್ಚುಕಡಿಮೆ ಒಂದೇ. ಮೊಬೈಲ್ ಅಂಗಡಿಯಲ್ಲಿ ಈ ರೂಢಿ ಹುಟ್ಟಿದ್ದಕ್ಕೆ ಅದೇ ಕಾರಣ ಇರಬೇಕು. ಅದೇ ರೂಢಿಯನ್ನು ಪಂಪು, ಲ್ಯಾಪ್‌ಟಾಪು, ಇನ್ವರ್ಟರಿನ ತನಕ ಎಳೆದುಕೊಂಡು ಹೋದಾಗ ತೊಂದರೆ ಶುರು. ವಿಮಾನ ಕಂಪನಿಗಳು ಹಾಗೆ ಮಾಡುವುದಿಲ್ಲ ನೋಡಿ. ಪ್ರಯಾಣಿಕರು ವಿಶೇಷ ಅನುಮತಿ ಇಲ್ಲದೆ ಕೈಚೀಲದಲ್ಲಿ ಒಯ್ಯಬಹುದಾದ ಲಿಥಿಯಂ ಅಯಾನ್ ಬ್ಯಾಟರಿಯ ಮಿತಿ 100 ವ್ಯಾಟ್ ಗಂಟೆ. ಬೆಂಕಿ ಹತ್ತಿದರೆ ಹೊರಬರುವುದು ಶಕ್ತಿ, ಅದಕ್ಕೆ ಅವರು ಶಕ್ತಿಯನ್ನೇ ಕೇಳುತ್ತಾರೆ.

ಇನ್ನು ಪವರ್ ಬ್ಯಾಂಕಿನ ಸಣ್ಣ ಅಕ್ಷರಗಳಿಗೆ ಬರೋಣ. ಹುಡುಗನ ಇನ್ನೊಂದು ದೂರು: "20000 ಅಂದ್ರ 5000ದ ಮೊಬೈಲ್ ನಾಕ್ ಸಲ ತುಂಬಬೇಕಲ್ರಿ? ಮೂರು ಸಲಾನೂ ಪೂರ್ತಿ ತುಂಬಂಗಿಲ್ರಿ." ಭೂತಕನ್ನಡಿ ತರಿಸಿ ಹಿಂಬದಿ ಓದಿಸಿದೆ. "ರೇಟೆಡ್ ಕೆಪ್ಯಾಸಿಟಿ" ಎಂಬ ಸಾಲಿನಲ್ಲಿ 5 ವೋಲ್ಟಿಗೆ 12000 ಮಿಲಿಆಂಪಿಯರ್ ಗಂಟೆ ಎಂದಿತ್ತು. ಮುಂದೆ 20000, ಹಿಂದೆ 12000! ಎಂಟು ಸಾವಿರ ಎಲ್ಲಿ ಹೋಯಿತು?

ಅದರಲ್ಲಿ ಹೆಚ್ಚಿನ ಪಾಲು ಎಲ್ಲೂ ಹೋಗಿಲ್ಲ. ಕೋಶದಲ್ಲಿರುವುದು 3.7 ವೋಲ್ಟ್, ಯುಎಸ್‌ಬಿ ತೂತಿನಿಂದ ಹೊರಗೆ ಕೊಡಬೇಕಾದ್ದು 5 ವೋಲ್ಟ್. ಒಳಗಿನ ಸರ್ಕಿಟ್ ವೋಲ್ಟನ್ನು ಏರಿಸುತ್ತದೆ. ನೀರನ್ನು ಹೆಚ್ಚು ಎತ್ತರದ ಟಾಕಿಗೆ ಏರಿಸಿದರೆ ಅದೇ ಶಕ್ತಿಗೆ ಕಡಿಮೆ ನೀರು ಏರುತ್ತದಲ್ಲ, ಹಾಗೆ. 74 ವ್ಯಾಟ್ ಗಂಟೆಯನ್ನು 5 ವೋಲ್ಟಿನಿಂದ ಭಾಗಿಸಿದರೆ 14.8 ಆಂಪಿಯರ್ ಗಂಟೆ, ಅಂದರೆ 14800. ಮೊದಲ ಐದು ಸಾವಿರದಷ್ಟು ಇಳಿದದ್ದು ಬರೀ ಲೆಕ್ಕದಿಂದ, ಶಕ್ತಿ ಒಂದಿಷ್ಟೂ ನಷ್ಟವಾಗಿಲ್ಲ. 14800ರಿಂದ 12000ಕ್ಕೆ ಇಳಿದದ್ದು ಮಾತ್ರ ನಿಜವಾದ ನಷ್ಟ. ಏರಿಸುವ ಸರ್ಕಿಟ್ಟು ಬಿಸಿಯಾಗುತ್ತದೆ, ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ. 5 ವೋಲ್ಟ್ ಇಂಟು 12 ಆಂಪಿಯರ್ ಗಂಟೆ, 60 ವ್ಯಾಟ್ ಗಂಟೆ ಹೊರಗೆ ಬರುತ್ತದೆ.

ಅವನ ಮನೆಯ ಮೊಬೈಲ್ 5000 ಮಿಲಿಆಂಪಿಯರ್ ಗಂಟೆ, 3.87 ವೋಲ್ಟ್. ಗುಣಿಸಿದರೆ 19 ವ್ಯಾಟ್ ಗಂಟೆಗಿಂತ ಸ್ವಲ್ಪ ಹೆಚ್ಚು. 60ನ್ನು ಅದರಿಂದ ಭಾಗಿಸಿದರೆ ಮೂರು. ಚಾರ್ಜ್ ಆಗುವಾಗ ಮೊಬೈಲಿನೊಳಗೂ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ. ಹಾಗಾಗಿ ಮೂರಕ್ಕೆ ತುಸು ಕಡಿಮೆ. ಹುಡುಗನ ಅನುಭವ ಸರಿಯಾಗಿಯೇ ಇತ್ತು. ಅವನ ಪವರ್ ಬ್ಯಾಂಕ್ ಕೆಟ್ಟದ್ದಲ್ಲ, ಅವನಿಗೆ ನಾಲ್ಕು ಸಲದ ಆಸೆ ಹುಟ್ಟಿಸಿದ ಮುಂಬದಿಯ ಅಂಕಿಯದೇ ತಪ್ಪು.

ಇಷ್ಟಾದ ಮೇಲೆ ನಾನು ಹುಡುಗಿಯ ಪಂಪಿನ ಬ್ಯಾಟರಿಯೇ ಗೆದ್ದಿತು ಎಂದು ತೀರ್ಪು ಕೊಟ್ಟೆ. ಆಕೆ ಸುಮ್ಮನಿರಲಿಲ್ಲ. "ಸರ್, ನೋಡೇಬಿಡೂಣ್ರಿ" ಅಂತ ಶನಿವಾರ ಬ್ಯಾಟರಿಯನ್ನು ತುಂಬಿಸಿಕೊಂಡು ತಂದಳು. ಬೈಕಿನ ಇಂಡಿಕೇಟರಿನ 12 ವೋಲ್ಟ್, 10 ವ್ಯಾಟಿನ ಬಲ್ಬು ತಂದೆವು. ತುದಿಗಳಿಗೆ ಮಲ್ಟಿಮೀಟರ್ ಹಚ್ಚಿ ಅರ್ಧ ಗಂಟೆಗೊಮ್ಮೆ ವೋಲ್ಟ್ ಬರೆದುಕೊಂಡೆವು. ಸೀಸದ ಬ್ಯಾಟರಿಯನ್ನು 10.5 ವೋಲ್ಟಿಗಿಂತ ಕೆಳಗೆ ಇಳಿಸಿದರೆ ಅದು ಹಾಳಾಗುತ್ತದೆ, ಆದ್ದರಿಂದ ಅಲ್ಲಿಗೆ ನಿಲ್ಲಿಸಬೇಕು ಎಂದು ಮೊದಲೇ ಹೇಳಿದ್ದೆ. 96 ವ್ಯಾಟ್ ಗಂಟೆಗೆ 10 ವ್ಯಾಟ್ ಬಲ್ಬು ಒಂಬತ್ತೂವರೆ ಗಂಟೆ ಉರಿಯಬೇಕು ಎಂದು ಹಲಗೆಯ ಮೇಲೆ ಬರೆದೆ. ಬೆಳಿಗ್ಗೆ ಹತ್ತಕ್ಕೆ ಹಚ್ಚಿದ ದೀಪವನ್ನು ನಾಲ್ಕಕ್ಕೇ ಆರಿಸಬೇಕಾಯಿತು. ಆರು ಗಂಟೆ. ಸುಮಾರು 60 ವ್ಯಾಟ್ ಗಂಟೆ. ಪವರ್ ಬ್ಯಾಂಕ್ ಹೊರಗೆ ಕೊಡುವಷ್ಟೇ!

ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಕಾರಣ ಹುಡುಕಿದಾಗ ಎರಡು ಸಿಕ್ಕವು. ಒಂದು, ಸೀಸದ ಬ್ಯಾಟರಿಯ ಮೇಲಿನ ಆಂಪಿಯರ್ ಗಂಟೆಯನ್ನು ಸಾಮಾನ್ಯವಾಗಿ 20 ಗಂಟೆಯಲ್ಲಿ ನಿಧಾನವಾಗಿ ಖಾಲಿ ಮಾಡಿದರೆ ಎಂಬ ಲೆಕ್ಕದಲ್ಲಿ ಬರೆಯುತ್ತಾರೆ. 8 ಆಂಪಿಯರ್ ಗಂಟೆಯ ಬ್ಯಾಟರಿಗೆ ಅದು ಬರೀ 0.4 ಆಂಪಿಯರ್. ನಮ್ಮ ಬಲ್ಬು ಅದರ ಎರಡರಷ್ಟು ಎಳೆಯಿತು. ಬೇಗ ಎಳೆದಷ್ಟೂ ಸೀಸದ ಬ್ಯಾಟರಿ ಕಡಿಮೆ ಕೊಡುತ್ತದೆ. ಪಂಪಿನ ಮೋಟಾರ್ ಇನ್ನೂ ಹೆಚ್ಚು ಎಳೆಯುತ್ತದೆ. ಎರಡು, ಅದು ಎರಡು ಹಂಗಾಮು ದುಡಿದ ಬ್ಯಾಟರಿ. ಲೇಬಲ್ ಹೇಳುವುದು ಹೊಸದಿದ್ದಾಗಿನ ಮಾತು. ಹಾಗಾಗಿ ವ್ಯಾಟ್ ಗಂಟೆಯಿಂದ ಹೊಸದನ್ನು ಹೊಸದರ ಜೊತೆ ಹೋಲಿಸಬಹುದು. ನಿಮ್ಮ ಮನೆಯ ಹಳೆಯ ಬ್ಯಾಟರಿಯ ಈಗಿನ ಸ್ಥಿತಿಗೆ ಇಂಥ ಬಲ್ಬಿನ ಪರೀಕ್ಷೆಯೇ ಬೇಕು.

ಈ ಪರೀಕ್ಷೆಯಿಂದ ಬ್ಯಾಟರಿ ಬದಲಿಸುವ ಮಾತು ಅವರ ಮನೆಯಲ್ಲಿ ಬಂತು. ಅವರ ತಂದೆ ಪೇಟೆಯಿಂದ ಹಗುರವಾದ ಲಿಥಿಯಂ ಬ್ಯಾಟರಿ ತಂದರು. ಮೇಲೆ 12 ವೋಲ್ಟ್, 12 ಆಂಪಿಯರ್ ಗಂಟೆ ಎಂದಿತ್ತು. ಎಂಟಕ್ಕಿಂತ ಹನ್ನೆರಡು ದೊಡ್ಡದು, ವೋಲ್ಟೂ ಅದೇ, ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಮೋಡ ಕವಿದ ಒಂದು ಬೆಳಿಗ್ಗೆ, ದ್ರಾಕ್ಷಿಗೆ ಬೂದಿರೋಗದ ಔಷಧ ಹೊಡೆಯುತ್ತಿದ್ದಾಗ, ಅರ್ಧ ಸಾಲಿಗೇ ಪಂಪು ನಿಂತಿತು. ಹಳೆಯ ಬ್ಯಾಟರಿ ಹೊಸದಿದ್ದಾಗ ಹೊಡೆದಷ್ಟು ಟ್ಯಾಂಕನ್ನೂ ಇದು ಹೊಡೆಯಲಿಲ್ಲ. ಹುಡುಗಿ ಅದನ್ನು ನನ್ನ ಹತ್ತಿರ ತಂದಳು.

ಲಿಥಿಯಂ ಬ್ಯಾಟರಿಯನ್ನು ಬಿಚ್ಚಬಾರದು. ಚುಚ್ಚಿದರೆ, ತುದಿಗಳು ಒಂದಕ್ಕೊಂದು ತಾಗಿದರೆ ಬೆಂಕಿ ಹತ್ತುತ್ತದೆ. ಬಿಚ್ಚದೆ ಹೇಗೆ ಪರೀಕ್ಷಿಸುವುದು? ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟೆವು. 440 ಗ್ರಾಂ. ಲೇಬಲ್ಲಿನ ಪ್ರಕಾರ 12 × 12 = 144 ವ್ಯಾಟ್ ಗಂಟೆ. ಕಿಲೋಗೆ ಎಷ್ಟಾಯಿತು? 144ನ್ನು 0.44ರಿಂದ ಭಾಗಿಸಿದರೆ ಸುಮಾರು 327.

ಇಲ್ಲಿ ತೂಕ ಕೆಲಸಕ್ಕೆ ಬರುತ್ತದೆ. ಪ್ರತಿ ಜಾತಿಯ ಬ್ಯಾಟರಿಗೂ ಒಂದು ಕಿಲೋದಲ್ಲಿ ಇಷ್ಟೇ ಶಕ್ತಿ ಎಂಬ ಅಂದಾಜು ಇದೆ. ಸೀಸದ್ದಕ್ಕೆ 30ರಿಂದ 40 ವ್ಯಾಟ್ ಗಂಟೆ. ಹುಡುಗಿಯ ಹಳೆಯ ಬ್ಯಾಟರಿ ಎರಡೂವರೆ ಕಿಲೋಗೆ 96, ಅಂದರೆ ಕಿಲೋಗೆ 38, ಸರಿ ಹೊಂದುತ್ತದೆ. ಪೇಟೆಯಲ್ಲಿ ಸಿಗುವ ಲಿಥಿಯಂ ಅಯಾನ್ ಕೋಶ ಕಿಲೋಗೆ 250 ದಾಟುವುದು ಅಪರೂಪ, ಅದೂ ಹೊರಗಿನ ಕವಚ, ತಂತಿ ಸೇರಿಸದೆ. ಹುಡುಗನ ಪವರ್ ಬ್ಯಾಂಕ್ 400 ಗ್ರಾಮಿಗೆ 74, ಅಂದರೆ ಕಿಲೋಗೆ 185. ನಂಬಬಹುದು. ಪಂಪಿನ ಹೊಸ ಬ್ಯಾಟರಿಯ 327 ಮಾತ್ರ ಆಗದ ಮಾತು. ಒಳಗೆ ಅಷ್ಟು ಸಾಮಾನೇ ಇಲ್ಲ, ಲೇಬಲ್ ಸುಳ್ಳು.

ಬಿಡಿಯಾಗಿ ಮಾರುವ ಲಿಥಿಯಂ ಕೋಶಗಳಲ್ಲೂ ಇಂಥದ್ದು ಇದೆ. ಟಾರ್ಚಿಗೆ ಹಾಕುವ, 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಕೋಶದ ಮೇಲೆ 9900 ಮಿಲಿಆಂಪಿಯರ್ ಗಂಟೆ ಎಂದು ಬರೆದಿರುವುದನ್ನು ನೀವು ನೋಡಿರಬಹುದು. ಒಳ್ಳೆಯ ಕೋಶ ಆ ಅಳತೆಯಲ್ಲಿ 3500ರ ಸುಮಾರಿಗೆ ನಿಲ್ಲುತ್ತದೆ. ತೂಕ 45, 50 ಗ್ರಾಂ. ಕಿಲೋ ಲೆಕ್ಕ ಹಾಕಿ ನೋಡಿ, 9900 ಎಂದು ಬರೆದವರ ಸುಳ್ಳು ನಿಮಗೇ ಸಿಗುತ್ತದೆ.

ಹುಡುಗಿಯ ತಂದೆ ತಕ್ಕಡಿಯ ಲೆಕ್ಕವನ್ನು ಚೀಟಿಯಲ್ಲಿ ಬರೆಸಿಕೊಂಡು ಅಂಗಡಿಗೆ ಹೋದರು. ಅಂಗಡಿಯವನು ಅರ್ಧ ದುಡ್ಡು ಮಾತ್ರ ಹಿಂದೆ ಕೊಟ್ಟ. ಉಳಿದರ್ಧ ಹೋಯಿತು, ಔಷಧ ತಡವಾದ ಸಾಲಿನ ಗೊನೆಗಳ ಮೇಲೆ ಬೂದಿಯೂ ಬಿತ್ತು. ಕೊಳ್ಳುವ ಮೊದಲೇ ತೂಗಿ ನೋಡಿದ್ದರೆ ಎರಡೂ ಉಳಿಯುತ್ತಿದ್ದವು.

ಅಕ್ಕಿ ಚೀಲದ ಮೇಲೆ ಕಿಲೋ ಬರೆಯದೆ ಕಾಳಿನ ಸಂಖ್ಯೆ ಬರೆದರೆ ನಾವು ಒಪ್ಪುತ್ತೇವೆಯೇ? ಬ್ಯಾಟರಿಗೂ ವ್ಯಾಟ್ ಗಂಟೆಯನ್ನು ಮುಂಬದಿಯಲ್ಲಿ ದೊಡ್ಡದಾಗಿ ಬರೆಯುವ ಕಟ್ಟಳೆ ಬರಬೇಕು, ಪವರ್ ಬ್ಯಾಂಕಿಗೆ ಹೊರಗೆ ಬರುವ ವ್ಯಾಟ್ ಗಂಟೆಯನ್ನು ಬರೆಯಬೇಕು ಎಂಬುದು ನನ್ನ ಅಭಿಪ್ರಾಯ. ಶಿಕ್ಷಕ ಮಿತ್ರರಲ್ಲೂ ಒಂದು ಬಿನ್ನಹ: W = V × Q ಪಾಠಕ್ಕೆ ಪುಸ್ತಕದ ಲೆಕ್ಕದ ಜೊತೆ ಊರಿನ ಒಂದು ಲೇಬಲ್ಲನ್ನೂ ಹಲಗೆಯ ಮೇಲೆ ಬರೆಯೋಣ.

ಮಕ್ಕಳೇ, ನಿಮಗೆ ಒಂದು ಕೆಲಸ. ಮನೆಯಲ್ಲಿರುವ ಮೂರು ಬ್ಯಾಟರಿಗಳ ಲೇಬಲ್ ಓದಿ. ಮೊಬೈಲು, ಟಾರ್ಚು, ಬೈಕು, ಇನ್ವರ್ಟರ್, ಯಾವುದಾದರೂ ಸರಿ. ವೋಲ್ಟ್, ಆಂಪಿಯರ್ ಗಂಟೆ, ತೂಕ ಬರೆದುಕೊಂಡು ವ್ಯಾಟ್ ಗಂಟೆ ಮತ್ತು ಕಿಲೋಗೆ ವ್ಯಾಟ್ ಗಂಟೆ ಹಾಕಿ. ಇನ್ವರ್ಟರಿನ ಬ್ಯಾಟರಿಯನ್ನು ಎತ್ತಲು ಹೋಗಬೇಡಿ, ತೂಕ ಅದರ ಮೇಲೆಯೇ ಬರೆದಿರುತ್ತದೆ, ಇಲ್ಲದಿದ್ದರೆ ಬಿಟ್ಟುಬಿಡಿ. ಲೆಕ್ಕ ಹೊಂದದ ಬ್ಯಾಟರಿ ಸಿಕ್ಕರೆ ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ, ಅಂಕಿಗಳನ್ನು ಈ ಪತ್ರಿಕೆಗೂ ಬರೆದು ಕಳಿಸಿ. ನಮ್ಮ ತರಗತಿಯ ಹುಡುಗ ಈಗಾಗಲೇ ಹನ್ನೊಂದು ಲೇಬಲ್ ಕೂಡಿಸಿದ್ದಾನೆ. ಅವುಗಳಲ್ಲಿ ಎರಡು ಹೊಂದುತ್ತಿಲ್ಲ.